ನಾಲ್ಕನೇ ಜಾಗದ ರಾಗಿ

ನಮ್ಮ ಅತ್ತೆಗೆ 78 ವರ್ಷ. ಹಿರಿಯೂರಿನಿಂದ ನಾಲ್ಕು ಮೈಲಿ ಆಚೆಯ ಹಳ್ಳಿಯಲ್ಲಿ ಹುಟ್ಟಿ, ರಾಗಿಮುದ್ದೆ ತಿಂದು ಬೆಳೆದು, ಅದನ್ನೇ ಎಂಟು ಜನಕ್ಕೆ ಬಡಿಸಿ ಬಾಳಿದವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸಿದವರಲ್ಲ, ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡವರಲ್ಲ. ಮದುವೆ ಮನೆಯಲ್ಲಿ ಪಕ್ಕದವರ ಎಲೆಗೆ ಹೋಳಿಗೆ ಬೀಳುವಾಗ ಮುಖ ಆಚೆ ತಿರುಗಿಸುತ್ತಾರೆ. ಅಂಥವರ ಮೂರು ತಿಂಗಳ ಸಕ್ಕರೆ ಲೆಕ್ಕ 7.2 ಇದ್ದದ್ದು ಎಂಟು ತಿಂಗಳಲ್ಲಿ 8.6ಕ್ಕೆ ಏರಿತು. ವೈದ್ಯರು ಚೀಟಿ ನೋಡಿ, ಅವರನ್ನು ಬಿಟ್ಟು ನನ್ನ ಮುಖ ನೋಡಿದರು. ಅಡಿಗೆ ಮನೆಯ ಲೆಕ್ಕ ಒಪ್ಪಿಸಬೇಕಾದವಳು ನಾನು ತಾನೆ?

ಒಪ್ಪಿಸಿದೆ. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಹಣ್ಣು ಅಳತೆಯಲ್ಲಿ. ಸಿಹಿ ಮುಟ್ಟಿಯೇ ಇಲ್ಲ ಸಾರ್, ಹೊಟ್ಟೆ ಖಾಲಿ ಬಿಡಬಾರದು ಅಂತ ಚಹಾದ ಜೊತೆ ರಾಗಿ ಬಿಸ್ಕತ್ತು ಮಾತ್ರ, ಬೆಳಿಗ್ಗೆ ಮೂರು ಸಂಜೆ ಮೂರು, ಎಂದೆ. ಆ "ಮಾತ್ರ" ಅನ್ನುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮೈದಾ ಬಿಸ್ಕತ್ತು ಬಿಡಿಸಿ ರಾಗಿಯದ್ದು ತಂದಿಟ್ಟ ಜಾಣ ಸೊಸೆ ನಾನು. ವೈದ್ಯರು ಒಂದೇ ಮಾತು ಹೇಳಿದರು: "ಮನೆಗೆ ಹೋಗಿ ಆ ಪೊಟ್ಟಣ ತಿರುಗಿಸಿ ನೋಡಿ."

ತಿರುಗಿಸಿದೆ. ಕನ್ನಡಕ ಸಾಲದೆ ಮಗನ ಭೂತಗನ್ನಡಿ ತಂದೆ. ಪೊಟ್ಟಣದ ಮುಂಭಾಗದಲ್ಲಿ ರಾಗಿಯ ತೆನೆ, ಹಿಂದೆ ಹಸಿರು ಹೊಲ, ಅಂಗೈ ಅಗಲದ ಅಕ್ಷರದಲ್ಲಿ ರಾಗಿ. ಹಿಂಭಾಗದಲ್ಲಿ, ಅಂಟಿಸಿದ ಮಡಿಕೆಯ ಕೆಳಗೆ, ಇರುವೆ ಸಾಲಿನ ಹಾಗೆ ಇಂಗ್ಲಿಷಿನಲ್ಲಿ ಒಂದು ಪಟ್ಟಿ. ಅದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: ಮೈದಾ, ಸಕ್ಕರೆ, ತಾಳೆಎಣ್ಣೆ, ರಾಗಿ ಹಿಟ್ಟು ಶೇಕಡಾ 10, ಇನ್ವರ್ಟ್ ಸಿರಪ್, ಹಾಲಿನ ಪುಡಿ, ಉಬ್ಬಿಸುವ ಸೋಡಾಗಳು, ಉಪ್ಪು, ಲೆಸಿಥಿನ್, ಪರಿಮಳ.

ರಾಗಿ ಬಿಸ್ಕತ್ತಿನಲ್ಲಿ ರಾಗಿಗೆ ನಾಲ್ಕನೇ ಜಾಗ!

ಈ ಪಟ್ಟಿಯನ್ನು ಮನಸ್ಸಿಗೆ ಬಂದ ಹಾಗೆ ಬರೆಯುವಂತಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ತಯಾರಿಸುವಾಗ ಯಾವುದನ್ನು ಅತಿ ಹೆಚ್ಚು ತೂಕ ಹಾಕಿದ್ದಾರೋ ಅದು ಮೊದಲು, ಅದಕ್ಕಿಂತ ಕಡಿಮೆಯದು ಆಮೇಲೆ, ಹೀಗೆ ಇಳಿಯುತ್ತಾ ಬರಬೇಕು. 2006ರ ಆಹಾರ ಸುರಕ್ಷತೆ ಕಾಯಿದೆಯ ಕೆಳಗೆ ಬಂದ ಲೇಬಲ್ ನಿಯಮಗಳು ಹೀಗೆಂದು ಕಟ್ಟು ಮಾಡಿವೆ. ಅದಕ್ಕೂ ಹಿಂದಿನ ಕಲಬೆರಕೆ ತಡೆ ನಿಯಮಗಳಲ್ಲೂ ಈ ಮಾತಿತ್ತು. ಅಂದರೆ ಇಷ್ಟು ವರ್ಷದಿಂದ ಆ ಇರುವೆ ಸಾಲು ನಿಜ ಹೇಳುತ್ತಲೇ ಇದೆ. ಮುಂದುಗಡೆ ಮಾತಾಡಲು ಚಿತ್ರ ಬರೆಯುವವನಿಗೆ ಬಿಟ್ಟಿದ್ದಾರೆ, ಹಿಂದುಗಡೆ ಕಾನೂನಿಗೆ ಬಿಟ್ಟಿದ್ದಾರೆ. ನಾವು ಮುಂದುಗಡೆ ನೋಡಿ ಕೊಳ್ಳುತ್ತೇವೆ.

"ಹೆಂಗಸರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು" ಎಂದು ನಮ್ಮ ಮನೆಯಲ್ಲೇ ಒಬ್ಬರು ನಕ್ಕರು. ಈ ಮಾತಿಗೆ ಮೊದಲು ಜಗಳ ಆಡಿಬಿಡುತ್ತೇನೆ. ತೂಕದ ಇಳಿಕ್ರಮವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮೂರಿನ ಯಾವ ಹೆಂಗಸನ್ನಾದರೂ ನಿಲ್ಲಿಸಿ ಸಾರಿನ ಪುಡಿಗೆ ಏನೇನು ಹಾಕುತ್ತೀರಿ ಎಂದು ಕೇಳಿ. ಕೊತ್ತಂಬರಿ ಬೀಜ ಅರ್ಧ ಕೇಜಿ, ಒಣಮೆಣಸಿನಕಾಯಿ ಕಾಲು ಕೇಜಿ, ಜೀರಿಗೆ ನೂರು ಗ್ರಾಂ, ಮೆಣಸು ಐವತ್ತು, ಮೆಂತ್ಯ ಅದಕ್ಕಿಂತ ಕಮ್ಮಿ, ಕೊನೆಗೆ ಇಂಗು ಒಂದು ಚೂರು ಎಂದು ಉಸಿರು ಬಿಡದೆ ಹೇಳುತ್ತಾಳೆ. ಇಂಗಿನಿಂದ ಶುರುಮಾಡಿ ಹೇಳಿದವಳನ್ನು ನಾನಂತೂ ಕಂಡಿಲ್ಲ. ಸರಕಾರದ ನಿಯಮ ಮಾಡಿದವರು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ರೀತಿಯನ್ನೇ ಕಾಗದಕ್ಕೆ ಇಳಿಸಿದ್ದಾರೆ. ನಮಗೆ ಬರುವ ವಿದ್ಯೆಯನ್ನು ನಮಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ನಮ್ಮದಲ್ಲದ ಭಾಷೆಯಲ್ಲಿ ಬರೆದು, ಆಮೇಲೆ ಅರ್ಥವಾಗುವುದಿಲ್ಲ ಎಂದರೆ?

ಸರಿ, ಆ ಪಟ್ಟಿಯನ್ನು ಸಾರಿನ ಪುಡಿಯ ಲೆಕ್ಕದಲ್ಲೇ ಓದೋಣ. ಹತ್ತು ಪದಾರ್ಥದ ಪೈಕಿ ಒಂದಕ್ಕೆ ಮಾತ್ರ ಪ್ರಮಾಣ ಕೊಟ್ಟಿದ್ದಾರೆ, ರಾಗಿ ಶೇಕಡಾ 10. ಇದನ್ನು ಅವರು ಧಾರಾಳಕ್ಕೆ ಕೊಟ್ಟದ್ದಲ್ಲ. ಹೊದಿಕೆಯ ಮೇಲೆ ಚಿತ್ರದಿಂದಲೋ ಮಾತಿನಿಂದಲೋ ಯಾವ ಪದಾರ್ಥವನ್ನು ಎತ್ತಿ ತೋರಿಸಿದ್ದಾರೋ ಅದು ಎಷ್ಟು ಇದೆ ಎಂದು ಹೇಳಲೇಬೇಕು ಎಂಬ ನಿಯಮವಿದೆ. ಆ ಒಂದು ಅಂಕಿ ಕೈಗೆ ಸಿಕ್ಕರೆ ಸಾಕು, ಅದರ ಮೇಲೆ ಕುಳಿತವರ ಗುಟ್ಟೂ ಸಿಕ್ಕ ಹಾಗೆ. ರಾಗಿಗಿಂತ ಮೇಲೆ ಎಣ್ಣೆ ಇದೆ, ಹಾಗಾದರೆ ಎಣ್ಣೆ 10ಕ್ಕೆ ಕಮ್ಮಿ ಇರಲಾರದು. ಎಣ್ಣೆಗಿಂತ ಮೇಲೆ ಸಕ್ಕರೆ, ಅದು ಎಣ್ಣೆಗಿಂತ ಕಮ್ಮಿ ಇರಲಾರದು. ಇನ್ನು ಪಕ್ಕದಲ್ಲೇ ಪೌಷ್ಟಿಕಾಂಶದ ಚೌಕವಿದೆ. ನೂರು ಗ್ರಾಮಿಗೆ ಸೇರಿಸಿದ ಸಕ್ಕರೆ 22 ಗ್ರಾಂ, ಕೊಬ್ಬು 18 ಗ್ರಾಂ ಎಂದು ಬರೆದಿತ್ತು. 22, 18, ರಾಗಿಯ 10 ಸೇರಿದರೆ 50. ಹಾಲಿನ ಪುಡಿ, ಸೋಡಾ, ಉಪ್ಪು ಎಲ್ಲಕ್ಕೂ ಮೂರು ನಾಲ್ಕು ಬಿಡಿ. ಉಳಿದದ್ದೆಲ್ಲ ಮೈದಾ, ಸುಮಾರು 45. ಇದು ಚಿನ್ನದ ತೂಕದ ಲೆಕ್ಕವಲ್ಲ. ಪಟ್ಟಿ ಕಲಸುವ ಹೊತ್ತಿನ ತೂಕ, ಚೌಕ ಬೆಂದ ಮೇಲಿನದು, ಒಲೆಯಲ್ಲಿ ನೀರು ಹಾರಿಹೋಗಿರುತ್ತದೆ. ಹಾರಿಹೋದ ನೀರನ್ನು ಪಟ್ಟಿಯಲ್ಲಿ ಹೇಳಬೇಕಾಗಿಯೂ ಇಲ್ಲ. ಒಂದೆರಡು ಗ್ರಾಂ ಆಚೀಚೆ ಆದೀತು. ಆದರೆ ರಾಗಿಯ ನಾಲ್ಕರಷ್ಟಕ್ಕೂ ಹೆಚ್ಚು ಮೈದಾ, ಎರಡರಷ್ಟಕ್ಕೂ ಹೆಚ್ಚು ಸಕ್ಕರೆ ಎಂಬುದು ಆಚೀಚೆ ಆಗುವುದಿಲ್ಲ.

ಒಂದು ಬಿಸ್ಕತ್ತು ಎಂಟು ಗ್ರಾಂ ತೂಗುತ್ತಿತ್ತು. ನಾನೇ ತೂಗಿದೆ. ದಿನಕ್ಕೆ ಆರು ಎಂದರೆ 48 ಗ್ರಾಂ. ಅದರಲ್ಲಿ ರಾಗಿ ಐದು ಗ್ರಾಮೂ ಇಲ್ಲ, ಸಕ್ಕರೆ ಹತ್ತೂವರೆ ಗ್ರಾಂ. ಚಹಾದಿಂದ ನಾನು ತೆಗೆದ ಎರಡೂವರೆ ಚಮಚ ಸಕ್ಕರೆಯನ್ನು ಬಿಸ್ಕತ್ತಿನಲ್ಲಿ ಬಚ್ಚಿಟ್ಟು ನನ್ನ ಕೈಯಾರೆ ಬಡಿಸಿದ್ದೆ, ಎಂಟು ತಿಂಗಳು, ದಿನವೂ. ಜೊತೆಗೆ ಇಪ್ಪತ್ತು ಗ್ರಾಮಿನ ಹತ್ತಿರ ಮೈದಾ. ಸಕ್ಕರೆ ಏರಿದ್ದಕ್ಕೆ ಅದೊಂದೇ ಕಾರಣ ಎಂದು ನಾನು ಹೇಳಲಾರೆ. ವಯಸ್ಸು, ಕಾಯಿಲೆ ಎರಡೂ ಮುಂದೆ ಹೋಗುತ್ತಿರುತ್ತವೆ. ರಾಗಿಯೇನು ಅಮೃತವೂ ಅಲ್ಲ, ಅದೂ ಪಿಷ್ಟವೇ, ಹೆಚ್ಚು ತಿಂದರೆ ಅದೂ ಸಕ್ಕರೆ ಏರಿಸುತ್ತದೆ. ಆದರೆ ನಾನು ರಾಗಿ ಎಂದುಕೊಂಡು ಕೊಟ್ಟದ್ದು ರಾಗಿಯಾಗಿರಲಿಲ್ಲವಲ್ಲ!

ಅತ್ತೆಗೆ ಲೆಕ್ಕ ಹೇಳಿದೆ. ಅವರು ಶೇಕಡಾ ಗಿಕಡಾ ಕೇಳುವವರಲ್ಲ. "ಒಂದು ಮುದ್ದೆಗೆ ಆಗೋಷ್ಟು ರಾಗಿ ಬೇಕಂದ್ರೆ ಎಷ್ಟು ಬಿಸ್ಕತ್ತು ತಿನ್ನಬೇಕಿತ್ತು ಕಣವ್ವಾ?" ಎಂದರು. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಹಿಡಿಯೋಣ. ಒಂದು ಕೇಜಿ ಬಿಸ್ಕತ್ತು ತಿನ್ನಬೇಕು. ಅದರ ಜೊತೆಗೆ 220 ಗ್ರಾಂ ಸಕ್ಕರೆ, 180 ಗ್ರಾಂ ಎಣ್ಣೆ, ಅರ್ಧ ಕೇಜಿ ಹತ್ತಿರ ಮೈದಾ ಹೊಟ್ಟೆಗೆ ಹೋಗುತ್ತದೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ಮುದ್ದೆ ಮಾಡ್ಕೊಡು ಅಂದಿದ್ರೆ ಮಾಡ್ಕೊಡ್ತಿದ್ದೆ ಅಲ್ವಾ ನೀನು" ಎಂದರು. ಅದು ಬಯ್ಗುಳ ಅಲ್ಲ ಎಂದು ನನಗೆ ಗೊತ್ತು. ಆದರೂ ಚುಚ್ಚಿತು.

ದುಡ್ಡಿನ ಮಾತು ಆಡುವುದು ಸಣ್ಣತನ ಅನ್ನಬೇಡಿ. 200 ಗ್ರಾಂ ಪೊಟ್ಟಣಕ್ಕೆ ನಾನು 60 ರೂಪಾಯಿ ಕೊಟ್ಟಿದ್ದೆ. ಅದರೊಳಗಿನ ರಾಗಿ 20 ಗ್ರಾಂ. ನಮ್ಮ ಸಂತೆಯಲ್ಲಿ ಕೇಜಿಗೆ 50 ರೂಪಾಯಿ ಎಂದು ಹಿಡಿದರೂ 20 ಗ್ರಾಂ ರಾಗಿಯ ಬೆಲೆ ಒಂದು ರೂಪಾಯಿ. ರಾಗಿಯ ಹೆಸರಿಗೆ 60, ರಾಗಿಗೆ ಒಂದು! ಚಿತ್ರದುರ್ಗ ಜಿಲ್ಲೆಯ ಬೆದ್ದಲು ನೆಲದಲ್ಲಿ ಮಳೆಗಾಗಿ ಮುಗಿಲು ನೋಡುತ್ತಾ ರಾಗಿ ಬೆಳೆಯುವವನಿಗೆ ಆ ಒಂದು ರೂಪಾಯಿಯಲ್ಲಿ ಎಷ್ಟು ತಲುಪೀತು ಎಂಬುದು ಬೇರೆ ಕಥೆ.

ಕೊಂಡ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ಒಳ್ಳೆಯವರು, ನನ್ನ ಮೇಲೆ ಸಿಟ್ಟಾಗಲಿಲ್ಲ. "ಅಲ್ಲಮ್ಮಾ, ಬರೀ ರಾಗೀಲಿ ಬಿಸ್ಕತ್ತು ಮಾಡಿದ್ರೆ ನಿಲ್ಲತ್ತಾ? ಪುಡಿ ಪುಡಿ ಆಗೋಗತ್ತೆ" ಎಂದರು. ಇದು ನಿಜವಾದ ಮಾತು. ಗೋಧಿಯಲ್ಲಿ ಇರುವ ಜಿಗುಟು ರಾಗಿಯಲ್ಲಿ ಇಲ್ಲ. ರಾಗಿ ಹೆಚ್ಚಿದಷ್ಟೂ ಬಿಸ್ಕತ್ತು ಉದುರುತ್ತದೆ, ಬಣ್ಣ ಕಪ್ಪಾಗುತ್ತದೆ. ಬಿಸ್ಕತ್ತು ಮಾಡುವವರಿಗೆ ಮೈದಾ ಬೇಕೇ ಬೇಕು ಅನ್ನಿ, ನನ್ನ ತಕರಾರಿಲ್ಲ. ಹಾಗಿದ್ದರೆ ಅದನ್ನು "ರಾಗಿ ಸೇರಿಸಿದ ಮೈದಾ ಬಿಸ್ಕತ್ತು" ಅನ್ನಿ. ಇಡ್ಲಿಗೆ ಮೆಂತ್ಯ ಹಾಕುತ್ತೇವೆ, ಅದನ್ನು ಮೆಂತ್ಯದ ಇಡ್ಲಿ ಅಂತ ಕರೆದು ಬೋರ್ಡು ಹಾಕುತ್ತೇವೆಯೇ?

ಅಷ್ಟರ ಮೇಲೆ ಹಠ ಹಿಡಿದು, ಮೊದಲ ಜಾಗದಲ್ಲಿ ಧಾನ್ಯವೇ ಇರುವ ಪೊಟ್ಟಣ ಹುಡುಕತೊಡಗಿದೆ. 2023ನ್ನು ಸಿರಿಧಾನ್ಯಗಳ ವರ್ಷ ಎಂದು ಜಗತ್ತಿಗೆಲ್ಲ ಸಾರಿದ್ದರಲ್ಲ, ಆಗಿನಿಂದ ಅಂಗಡಿಯ ಮೇಲುಹಲಗೆಯೆಲ್ಲ ನವಣೆ, ಸಾಮೆಯ ಹೆಸರು. ಒಂದು ಸಿಕ್ಕಿತು. ಪಟ್ಟಿಯ ತಲೆಯಲ್ಲೇ ಸಿರಿಧಾನ್ಯದ ಹಿಟ್ಟು ಶೇಕಡಾ 24, ಅದರ ಹೊಟ್ಟೆಯೊಳಗೆ ಜೋಳ, ರಾಗಿ, ಸಜ್ಜೆ, ನವಣೆ, ಸಾಮೆ. ಗೆದ್ದೆ ಎಂದುಕೊಂಡು ಮುಂದೆ ಓದಿದೆ. ಬೆಲ್ಲ, ತಾಳೆಎಣ್ಣೆ, ಸಕ್ಕರೆ, ಓಟ್ಸ್, ಲಿಕ್ವಿಡ್ ಗ್ಲೂಕೋಸ್, ಜೇನು. ಚೌಕದಲ್ಲಿ ಸೇರಿಸಿದ ಸಕ್ಕರೆ 38 ಗ್ರಾಂ.

24ರ ಧಾನ್ಯ ಮೊದಲು, 38ರ ಸಿಹಿ ಎಲ್ಲಿ? ಪಟ್ಟಿ ಸುಳ್ಳು ಹೇಳಿತೇ ಎಂದು ತಲೆ ಕೆಡಿಸಿಕೊಂಡೆ. ಇಲ್ಲ, ಸುಳ್ಳಲ್ಲ. ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಸಿಹಿಯ ಪಾರ್ಟಿಯಿಂದ ನಾಲ್ಕು ಜನ ನಿಂತಿದ್ದಾರೆ: ಬೆಲ್ಲ, ಸಕ್ಕರೆ, ಗ್ಲೂಕೋಸ್, ಜೇನು. ಓಟು ನಾಲ್ಕು ಕಡೆ ಒಡೆದಿದೆ. ಒಬ್ಬೊಬ್ಬರಿಗೂ ಹತ್ತು ಹದಿನೈದು. ಧಾನ್ಯದ ಕಡೆಯವರು ಐದು ಜನ ಒಂದಾಗಿ ಒಂದೇ ಗುರುತಿನ ಮೇಲೆ ನಿಂತಿದ್ದಾರೆ, 24 ತೆಗೆದು ಗೆದ್ದಿದ್ದಾರೆ. ಊರಿನಲ್ಲಾದರೆ ಸಿಹಿಯ ಪಾರ್ಟಿ ಸೋತು ಮನೆಗೆ ಹೋಗುತ್ತಿತ್ತು. ಇಲ್ಲಿ ಅದಕ್ಕೆ ಸೋಲುವುದೇ ಬೇಕಾಗಿದೆ. ಸೋತು ಹಿಂದಿನ ಬೆಂಚಿನಲ್ಲಿ ಕುಳಿತರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಹೊಟ್ಟೆಗೆ ಮಾತ್ರ ಇಡಿಯಾಗಿ ಬೀಳುತ್ತದೆ.

ಇದನ್ನು ತಿಳಿದಮೇಲೆ ನಾನು ಮೊದಲ ಹೆಸರು ನೋಡಿ ತೃಪ್ತಿಪಡುವುದನ್ನು ಬಿಟ್ಟೆ. ಒಂದು ಜಾತಿಯವರನ್ನೆಲ್ಲ ಕೂಡಿಸಿ ನೋಡುತ್ತೇನೆ. ಸಕ್ಕರೆ, ಬೆಲ್ಲ, ಜೇನು, ಖರ್ಜೂರದ ಸಿರಪ್, ಇನ್ವರ್ಟ್ ಸಿರಪ್, ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇವೆಲ್ಲ ಒಂದೇ ಮನೆತನ. ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಒಬ್ಬ ಇದ್ದಾನೆ, ರುಚಿಯಲ್ಲಿ ಅಷ್ಟು ಸಿಹಿಯಿಲ್ಲ, ಪಿಷ್ಟದಿಂದ ಬಂದವನು. ಆದರೆ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಮನೆತನದವರಿಗಿಂತ ಹಿಂದೆ ಬಿದ್ದವನಲ್ಲ. ಅವನನ್ನು ಸಕ್ಕರೆಯ ಚೌಕದಲ್ಲಿಯೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಪಟ್ಟಿಯಲ್ಲೇ ಹುಡುಕಬೇಕು.

ಇನ್ನೊಂದು ಗುರುತು ನನ್ನ ತಂಗಿಯ ಮನೆಯಲ್ಲಿ ಸಿಕ್ಕಿತು. ಅವಳ ಮಗಳಿಗೆ ಹಾಲಿಗೆ ಬೆರೆಸುವ ಪುಡಿಯ ಡಬ್ಬ. ಅದರ ಮೈಮೇಲೆ ಬಾದಾಮಿ, ಕೇಸರಿ, ಅಶ್ವಗಂಧ. ನಾನು ಹಿಂದೆ ತಿರುಗಿಸಿ ಉಪ್ಪು ಎಲ್ಲಿದೆ ಎಂದು ಹುಡುಕಿದೆ. ಉಪ್ಪನ್ನು ಯಾರೂ ತಿಂಡಿಗೆ ಬೊಗಸೆಗಟ್ಟಲೆ ಹಾಕುವುದಿಲ್ಲ. ಬಿಸ್ಕತ್ತಿನಲ್ಲಿ, ಇಂಥ ಪುಡಿಯಲ್ಲಿ ಅದು ನೂರಕ್ಕೆ ಒಂದರ ಆಸುಪಾಸು ಅಥವಾ ಇನ್ನೂ ಕಮ್ಮಿ. ಹಾಗಾಗಿ ಉಪ್ಪು ಪಟ್ಟಿಯಲ್ಲಿ ಗಡಿಕಲ್ಲಿದ್ದ ಹಾಗೆ. ಅದರ ಆಚೆ ಬಿದ್ದದ್ದೆಲ್ಲ ಅದಕ್ಕಿಂತ ಹಗುರ. ಬಾದಾಮಿ ಪುಡಿ ಆಚೆಯಿತ್ತು, ಕೇಸರಿ ಆಚೆಯಿತ್ತು, ಅಶ್ವಗಂಧ ಎಲ್ಲರಿಗಿಂತ ಆಚೆ. ಡಬ್ಬದ ಮೇಲೆ ಅವರದೇ ದರ್ಬಾರು. ಇಂಥ ಡಬ್ಬಗಳನ್ನು "ಹೆಲ್ತ್ ಡ್ರಿಂಕ್" ಎಂಬ ಗುಂಪಿನಲ್ಲಿ ಇಟ್ಟು ಮಾರಬಾರದು ಎಂದು ಕೇಂದ್ರದ ವಾಣಿಜ್ಯ ಸಚಿವಾಲಯ 2024ರ ಏಪ್ರಿಲಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚನೆ ಕೊಟ್ಟಿತು. ಅಂಥದೊಂದು ಹೆಸರೇ ನಮ್ಮ ಆಹಾರ ಕಾಯಿದೆಯಲ್ಲಿ ಇಲ್ಲ ಎಂಬುದು ಕಾರಣ. ಹೆಸರೇ ಇಲ್ಲದ ಆರೋಗ್ಯವನ್ನು ನಾವು ಎರಡು ತಲೆಮಾರು ಹಾಲಿಗೆ ಕದಡಿ ಕುಡಿಸಿದೆವು!

ಒಂದು ತಪ್ಪು ಮಾತ್ರ ಮಾಡಬೇಡಿ, ನಾನು ಮಾಡಿ ನಗೆಪಾಟಲಾದೆ. ಕೊನೆಯಲ್ಲಿರುವುದೆಲ್ಲ ಮೋಸ, ಮೊದಲಿರುವುದೆಲ್ಲ ಒಳ್ಳೆಯದು ಎಂದು ಪಟ್ಟಿ ಹೇಳುವುದಿಲ್ಲ. ಇಂಗಿನ ಡಬ್ಬಿ ತಿರುಗಿಸಿ, ಗೋಂದು, ಮೈದಾ ಮೊದಲು, ಇಂಗು ಆಮೇಲೆ ಇದ್ದದ್ದು ಕಂಡು ಅಂಗಡಿಗೆ ಓಡಿದ್ದೆ. ಅದು ಕೂಟು ಇಂಗು, ಹಾಗೇ ಇರುತ್ತದೆ, ಅಪ್ಪಟ ಇಂಗನ್ನು ಸಾರಿಗೆ ಹಾಕಿದರೆ ಬಾಯಿಗೆ ಇಡಲಾಗದು ಎಂದು ತಿಳಿಸಿಕೊಟ್ಟರು. ಇಂಗು ಕಮ್ಮಿ ಇದ್ದೂ ಕೆಲಸ ಮಾಡುತ್ತದೆ. ರಾಗಿ ಹಾಗಲ್ಲ. ರಾಗಿಯಿಂದ ನಾವು ಕೇಳುವುದು ಕಂಪಲ್ಲ, ಹೊಟ್ಟೆ ತುಂಬುವ ಧಾನ್ಯ. ಯಾವುದು ಚಿಟಿಕೆಗೆ ಸಲ್ಲುತ್ತದೆ, ಯಾವುದು ಸೇರಿನಲ್ಲಿ ಬೇಕು ಎಂಬುದನ್ನು ಅಡಿಗೆ ಮಾಡುವವರೇ ತೀರ್ಮಾನಿಸಬೇಕು.

ಬಿಸ್ಕತ್ತಿನ ಕಂಪನಿಗೆ ಕಾಗದ ಬರೆದೆ. ಎರಡೇ ಬೇಡಿಕೆ. ಮುಂಭಾಗದಲ್ಲಿ ರಾಗಿ ಎಂಬ ಅಕ್ಷರದ ಪಕ್ಕದಲ್ಲೇ, ಅಷ್ಟೇ ದೊಡ್ಡದಾಗಿ, ಶೇಕಡಾ 10 ಎಂದು ಹಾಕಿ. ಹಿಂದಿನ ಪಟ್ಟಿಯನ್ನು ಕನ್ನಡದಲ್ಲೂ ಬರೆಯಿರಿ. ಮೂರು ವಾರಕ್ಕೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ನಮ್ಮ ಲೇಬಲ್ ಎಲ್ಲ ನಿಯಮಗಳಿಗೂ ಅನುಗುಣವಾಗಿದೆ ಎಂದು. ಅನುಗುಣವಾಗಿಯೇ ಇದೆ. ಆಹಾರದ ಲೇಬಲ್ ನಿಯಮ ಕೇಳುವುದು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ. ಬೇರೆ ಭಾಷೆ ಜೊತೆಗೆ ಹಾಕಲು ಅಡ್ಡಿಯಿಲ್ಲ ಎನ್ನುತ್ತದೆ, ಹಾಕಲೇಬೇಕು ಎನ್ನುವುದಿಲ್ಲ. ಅಂಗಡಿಯ ನಾಮಫಲಕದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡ ಇರಬೇಕೆಂದು 2024ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ತಿದ್ದಿದರು. ನಮ್ಮ ಬೀದಿಯಲ್ಲಿ ಬೋರ್ಡುಗಳೆಲ್ಲ ಬದಲಾದವು, ನೋಡಲು ಚೆನ್ನಾಗಿದೆ. ಬೋರ್ಡನ್ನು ಯಾರೂ ತಿನ್ನುವುದಿಲ್ಲವಲ್ಲ! ಒಳಗೆ ಹೋದರೆ ಮೈದಾ ಇನ್ನೂ ಇಂಗ್ಲಿಷಿನಲ್ಲೇ ಇದೆ. ನಮ್ಮ ಅತ್ತೆಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಆ ಪಟ್ಟಿ ಕನ್ನಡದಲ್ಲಿ ಇದ್ದಿದ್ದರೆ ಮೊದಲ ದಿನವೇ ಅವರು ನನ್ನನ್ನು ಕರೆದು, ಇದೇನವ್ವಾ ಇದು ಸಕ್ಕರೆ ಎರಡ್ನೇದು ಐತಲ್ಲ ಎಂದು ಕೇಳುತ್ತಿದ್ದರು. ಎಂಟು ತಿಂಗಳು ಉಳಿಯುತ್ತಿತ್ತು.

ಈಗ ನಮ್ಮ ಬೀದಿಯ ಕೊನೆಯಲ್ಲಿ ಸ್ವಸಹಾಯ ಸಂಘದ ಹೆಂಗಸೊಬ್ಬರು ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ಅವರ ಪೊಟ್ಟಣದ ಮೇಲೆ ಸಣ್ಣದೊಂದು ಚೀಟಿ ಅಂಟಿಸಿ, ಏನೇನು ಹಾಕಿದ್ದೀರೋ ಅದನ್ನು ಕನ್ನಡದಲ್ಲಿ, ತೂಕದ ಕ್ರಮದಲ್ಲಿ ಬರೆಯಿರಿ ಎಂದು ಕೇಳಿದೆ. "ನನ್ನ ಗುಟ್ಟು ಬಿಟ್ಟುಕೊಟ್ಟಂಗೆ ಆಗಲ್ವೇನಕ್ಕಾ?" ಎಂದು ಅನುಮಾನಪಟ್ಟರು. ಕ್ರಮ ಹೇಳಿದರೆ ಅಳತೆ ಹೇಳಿದಂತಾಗುವುದಿಲ್ಲ, ಹುರಿಯುವ ಹದ ಯಾವ ಚೀಟಿಯಲ್ಲೂ ಹಿಡಿಯುವುದಿಲ್ಲ ಎಂದು ಒಪ್ಪಿಸಿದೆ. ಮಗಳ ಕೈಯಲ್ಲಿ ಬರೆಸಿದ್ದಾರೆ: ರಾಗಿ, ಹುರಿಗಡಲೆ, ಹೆಸರುಕಾಳು, ಏಲಕ್ಕಿ. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿ, ಮಜ್ಜಿಗೆಯಲ್ಲಿ ಎರಡು ಚಮಚ ಕಲಸಿಕೊಡು ಎಂದರು.